ಹೇಳಿದ ಹೋಟೆಲ್ ಕೊಡ್ಲಿಲ್ಲ, ತೋರಿಸ್ತೀವಿ ಅಂದಿದ್ದು ತೋರಿಸ್ಲಿಲ್ಲ: ಟೂರ್ ಏಜೆನ್ಸಿಗೆ ಏನಂತ ಬರೀಬೇಕು?

ಪ್ರಶ್ನೆ: ಸರ್, ನಾವು ಮನೆಯವರು ನಾಲ್ಕು ಜನ, ಎರಡು ರೂಮ್, 6 ರಾತ್ರಿ 7 ದಿನದ ಪ್ಯಾಕೇಜ್ ಟೂರ್ ಹೋಗಿ ಬಂದ್ವಿ. ಬುಕ್ ಮಾಡುವಾಗ ಕೊಟ್ಟ ಪಿಡಿಎಫ್‌ನಲ್ಲಿ ಹೋಟೆಲ್ ಹೆಸರು ಸಮೇತ ಇತ್ತು. ಮೊದಲ ಎರಡು ರಾತ್ರಿ ಅದೇ ಕೊಟ್ರು, ಉಳಿದ ನಾಲ್ಕು ರಾತ್ರಿ ಊರಾಚೆ ಒಂದು ಸಣ್ಣ ಹೋಟೆಲ್‌ಗೆ ಹಾಕಿದ್ರು. 5ನೇ ದಿನ ಅರಮನೆ ಮ್ಯೂಸಿಯಂ, ಬೋಟಿಂಗ್ ಎರಡೂ "ಟೈಮ್ ಆಗೋಯ್ತು" ಅಂತ ಬಿಟ್ರು, 6ನೇ ದಿನ ರೋಪ್‌ವೇ ಗಾಳಿ ಜಾಸ್ತಿ ಅಂತ ನಿಂತಿತ್ತು. ಫೋನ್ ಮಾಡಿದ್ರೆ "ಟರ್ಮ್ಸ್‌ನಲ್ಲಿ ಇದೆ, ನಾವು ಏನು ಬೇಕಾದ್ರೂ ಬದಲಾಯಿಸಬಹುದು, ಅದೂ ಅಲ್ದೆ ನಾವು ಬರೀ ಏಜೆಂಟು" ಅಂತಾರೆ. ಕೊನೇ ದಿನ ಬಸ್ಸಲ್ಲಿ ಫೀಡ್‌ಬ್ಯಾಕ್ ಫಾರ್ಮ್ ಕೊಟ್ಟಾಗ ಎಲ್ಲದಕ್ಕೂ "ಗುಡ್" ಅಂತ ಟಿಕ್ ಹಾಕಿ ಸೈನ್ ಮಾಡಿಬಿಟ್ಟಿದೀವಿ. ಈಗ ಲೆಟರ್ ಬರೆದ್ರೆ ಪ್ರಯೋಜನ ಇದ್ಯಾ? ಪೂರ್ತಿ ದುಡ್ಡು ವಾಪಸ್ ಕೇಳಬಹುದಾ?

ಉತ್ತರ: ಪ್ರಯೋಜನ ಇದೆ, ಆದ್ರೆ ಪೂರ್ತಿ ದುಡ್ಡು ಮಾತ್ರ ಕೇಳ್ಬೇಡಿ. ನೀವು ಹೋಗಿದೀರ, ಬಸ್ಸು ಓಡಿದೆ, ಆರು ರಾತ್ರಿ ಎಲ್ಲೋ ಒಂದು ಕಡೆ ಮಲಗಿದೀರ, ಇಷ್ಟೆಲ್ಲ ಆದ್ಮೇಲೆ ಇಡೀ ದುಡ್ಡು ಕೊಡಿ ಅಂದ್ರೆ ಕಂಪ್ಲೇಂಟ್ ಡೆಸ್ಕಲ್ಲಿ ಕೂತಿರೋನು ಒಂದು ರೆಡಿ ಉತ್ತರ ಅಂಟಿಸಿ ಕಳಿಸ್ತಾನೆ ಅಷ್ಟೆ. ನಾನು ವರ್ಷಗಟ್ಟಲೆ ಟೂರ್ ಆಪರೇಷನ್ಸ್ ಕಡೆ ಕೂತು ಇಂಥ ಪತ್ರ ಓದಿ ಉತ್ತರ ಹಾಕಿದವನು, ಈಗ ಪ್ರಯಾಣಿಕರ ಕಡೆಯಿಂದ ಬರೆದುಕೊಡ್ತೀನಿ, ಹಾಗಾಗಿ ಒಳಗೆ ಏನಾಗುತ್ತೆ ಅನ್ನೋದು ಗೊತ್ತು. ಮೂರು ಪುಟ ಸಿಟ್ಟು ತುಂಬಿದ ಪತ್ರ "ಸಮಾಧಾನ ಮಾಡಿ" ಅನ್ನೋ ಫೋಲ್ಡರ್‌ಗೆ ಹೋಗುತ್ತೆ. ಒಂದೇ ಪುಟದಲ್ಲಿ ಏನು ಹೇಳಿದ್ರಿ, ಏನು ಕೊಟ್ರಿ, ಅದಕ್ಕೆ ಎಷ್ಟು ಅಂತ ಲೆಕ್ಕ ಇರೋ ಪತ್ರ ಅಕೌಂಟ್ಸ್‌ಗೆ ಹೋಗುತ್ತೆ, ಯಾಕಂದ್ರೆ ಅದಕ್ಕೆ ಹೌದು ಅಥವಾ ಇಲ್ಲ ಅಂತ ಉತ್ತರ ಕೊಡಲೇಬೇಕಾಗುತ್ತೆ.

ಹೋಟೆಲ್ ಯಾಕೆ ಬದಲಾಗುತ್ತೆ ಅಂತ ಮೊದಲು ತಿಳ್ಕೊಳ್ಳಿ, ಯಾಕಂದ್ರೆ ಪತ್ರದಲ್ಲಿ ಕೇಳಬೇಕಾದ ಪ್ರಶ್ನೆ ಅಲ್ಲೇ ಇದೆ. ನೀವು ದುಡ್ಡು ಕೊಟ್ಟ ಕಂಪನಿ ಬಹಳ ಸಲ ಹೋಟೆಲ್ ಜೊತೆ ನೇರ ಮಾತಾಡೋದೇ ಇಲ್ಲ, ಆ ಜಾಗದಲ್ಲಿ ಬಸ್ಸು, ಹೋಟೆಲ್, ಗೈಡು ಎಲ್ಲ ಹೊಂದಿಸೋ ಲ್ಯಾಂಡ್ ಆಪರೇಟರ್ ಅಂತ ಒಬ್ಬ ಇರ್ತಾನೆ. ಹೋಟೆಲ್‌ನೋರು ಗ್ರೂಪ್‌ಗೆ ಇಷ್ಟು ರೂಮು ಅಂತ ಎತ್ತಿಟ್ಟು ಒಂದು ರಿಲೀಸ್ ಡೇಟ್ ಕೊಡ್ತಾರೆ, ಅಷ್ಟರೊಳಗೆ ದುಡ್ಡು, ಹೆಸರಿನ ಲಿಸ್ಟು ಬರದಿದ್ರೆ ಆ ರೂಮುಗಳನ್ನ ಬೇರೆಯೋರಿಗೆ ಮಾರ್ಕೊಳ್ತಾರೆ. ಕಂಪನಿ ಲ್ಯಾಂಡ್ ಆಪರೇಟರ್‌ಗೆ ದುಡ್ಡು ತಡ ಮಾಡಿರುತ್ತೆ, ಅಥವಾ ಗ್ರೂಪ್ ತುಂಬುತ್ತೋ ಇಲ್ವೋ ಅಂತ ಕಾದಿರುತ್ತೆ, ಅಥವಾ ಎರಡು ಗ್ರೂಪ್ ಸೇರಿಸಿ ಒಂದೇ ಬಸ್ಸಿಗೆ ಹಾಕಿರುತ್ತೆ, ಕೊನೇ ಗಳಿಗೇಲಿ ಎಲ್ಲಿ ರೂಮ್ ಸಿಗುತ್ತೋ ಅಲ್ಲಿಗೆ ನಿಮ್ಮನ್ನ ಸಾಗಿಸ್ತಾರೆ. ಹಾಗಂತ ಎಲ್ಲ ಸಲಾನೂ ಕಂಪನಿ ತಪ್ಪೇ ಅಲ್ಲ, ಹೋಟೆಲ್‌ನೋರೇ ಇರೋದಕ್ಕಿಂತ ಜಾಸ್ತಿ ಬುಕಿಂಗ್ ತಗೊಂಡು ಕೈ ಎತ್ತೋದೂ ಉಂಟು.

ಇದನ್ನ ಹೊರಗಿನಿಂದ ಪತ್ತೆ ಹಚ್ಚೋಕೆ ಕೆಲವು ಸುಳಿವು ಇವೆ. ಗೈಡ್‌ಗೇ ಆ ದಿನ ಸಂಜೆವರೆಗೂ ಹೋಟೆಲ್ ಹೆಸರು ಗೊತ್ತಿರಲಿಲ್ವಾ? ಹೊರಡೋಕೆ ಎರಡು ದಿನ ಮುಂಚೆ ಬಂದ "ಫೈನಲ್ ಐಟಿನರರಿ"ಯಲ್ಲಿ ಹೋಟೆಲ್ ಹೆಸರು ಸದ್ದಿಲ್ಲದೆ ಬದಲಾಗಿತ್ತಾ? ಹಾಗಿದ್ರೆ ಅವರಿಗೆ ಮೊದಲೇ ಗೊತ್ತಿತ್ತು ಅಥವಾ ಬುಕಿಂಗ್ ಕನ್ಫರ್ಮ್ ಆಗೇ ಇರಲಿಲ್ಲ ಅಂತ ಅನುಮಾನ ಪಡೋಕೆ ಕಾರಣ ಇದೆ. ನಿಮ್ಮ ಪತ್ರದಲ್ಲಿ ಇದನ್ನ ಆರೋಪ ಮಾಡೋಕೆ ಹೋಗ್ಬೇಡಿ, ಪ್ರಶ್ನೆಯಾಗಿ ಕೇಳಿ: ನಮ್ಮ ಹೆಸರಲ್ಲಿ ಆ ಹೋಟೆಲ್ ಯಾವತ್ತು ಬುಕ್ ಆಗಿತ್ತು, ಯಾವತ್ತು ಯಾರು ಕ್ಯಾನ್ಸಲ್ ಮಾಡಿದ್ರು, ರೂಮ್ ಬುಕ್ ಆಗಿದೆ ಅಂತ ಕೊಡೋ ಹೋಟೆಲ್ ವೌಚರ್ ಪ್ರತಿ ಕಳಿಸಿ. ಬಹಳ ಸಲ ಈ ಒಂದು ಸಾಲಿಗೆ ಉತ್ತರವೇ ಬರಲ್ಲ, ಬೇರೆ ಎಲ್ಲದಕ್ಕೂ ಬರುತ್ತೆ. ಮುಂದೆ ಗ್ರಾಹಕರ ಆಯೋಗದಂಥ ಕಡೆ ಹೋಗಬೇಕಾಗಿ ಬಂದ್ರೆ, ಕೇಳಿದ್ದೆ, ಕೊಡಲಿಲ್ಲ ಅಂತ ತೋರಿಸೋಕೆ ಅದು ನಿಮಗೆ ಉಪಯೋಗಕ್ಕೆ ಬರುತ್ತೆ.

ಈಗ "ಟರ್ಮ್ಸ್‌ನಲ್ಲಿ ಇದೆ" ಅನ್ನೋ ಮಾತು. ಇರುತ್ತೆ, ಸುಳ್ಳಲ್ಲ. ಆದ್ರೆ ಆ ಸಾಲನ್ನ ಪೂರ್ತಿ ಓದಿ, ಸಾಮಾನ್ಯವಾಗಿ "ಹೆಸರಿಸಿದ ಹೋಟೆಲ್ ಅಥವಾ ಅದೇ ದರ್ಜೆಯ ಹೋಟೆಲ್" ಅಂತ ಇರುತ್ತೆ. ಅಂದ್ರೆ ಬದಲಾಯಿಸೋ ಹಕ್ಕಿನ ಜೊತೆಗೇ ಅದೇ ದರ್ಜೆಯದ್ದು ಕೊಡ್ತೀನಿ ಅನ್ನೋ ಮಾತೂ ಅವರೇ ಕೊಟ್ಟಿದಾರೆ, ನೀವು ಹಿಡೀಬೇಕಾಗಿರೋದು ಆ ಎರಡನೇ ಅರ್ಧ. ಇಲ್ಲಿ ಒಂದು ಗುಂಡಿ ಇದೆ, ಸ್ಟಾರ್ ಬಗ್ಗೆ ಜಗಳಕ್ಕೆ ಇಳೀಬೇಡಿ. ಪ್ರಪಂಚಕ್ಕೆಲ್ಲ ಒಂದೇ ಸ್ಟಾರ್ ಲೆಕ್ಕ ಅಂತ ಇಲ್ಲ, ಒಂದೊಂದು ದೇಶ, ಒಂದೊಂದು ಬುಕಿಂಗ್ ಸೈಟು ಒಂದೊಂದು ಥರ ಕೊಡುತ್ತೆ, ಇದೂ ತ್ರೀ ಸ್ಟಾರೇ ಅಂತ ಅವರು ಒಂದು ಲಿಂಕ್ ಕಳಿಸಿದ್ರೆ ನಿಮ್ಮ ವಾದ ಮುಗೀತು. ಅದರ ಬದಲು ಅಳೆಯೋಕೆ ಆಗೋದನ್ನ ಬರೀರಿ: ಪಿಡಿಎಫ್‌ನಲ್ಲಿದ್ದ ಹೋಟೆಲ್ ಊರ ಮಧ್ಯದಿಂದ ಎಷ್ಟು ದೂರ, ಕೊಟ್ಟಿದ್ದು ಎಷ್ಟು ದೂರ, ಅಲ್ಲಿ ಲಿಫ್ಟ್ ಇತ್ತು ಇಲ್ಲಿ ಇಲ್ಲ, ಅದೇ ತಾರೀಖಿಗೆ ಅದರ ರೂಮ್ ರೇಟ್ ಎಷ್ಟು ಇದರ ರೇಟ್ ಎಷ್ಟು. ರೇಟ್ ವ್ಯತ್ಯಾಸದಷ್ಟು ಗಟ್ಟಿ ಸಾಕ್ಷಿ ಇನ್ನೊಂದಿಲ್ಲ.

"ನಾವು ಬರೀ ಏಜೆಂಟು" ಅನ್ನೋದು ಎಷ್ಟು ನಿಜ ಅಂತ ನಿಮ್ಮ ರಶೀದಿ ಹೇಳುತ್ತೆ. ಇಡೀ ಪ್ಯಾಕೇಜ್‌ಗೆ ಒಂದೇ ಬೆಲೆ ಹಾಕಿ ತಮ್ಮ ಹೆಸರಲ್ಲಿ ಬಿಲ್ ಕೊಟ್ಟು ತಮ್ಮ ಖಾತೆಗೆ ದುಡ್ಡು ಹಾಕಿಸ್ಕೊಂಡಿದ್ರೆ ಅವರನ್ನೇ ಕೇಳಿ, ಅವರೂ ಲ್ಯಾಂಡ್ ಆಪರೇಟರೂ ಲೆಕ್ಕ ಮಾಡ್ಕೊಳ್ಳೋದು ಅವರ ಪಾಡು. ಯುರೋಪಿಯನ್ ಒಕ್ಕೂಟದ 2015ರ ಪ್ಯಾಕೇಜ್ ಪ್ರಯಾಣ ನಿಯಮದಲ್ಲಿ ಇದನ್ನ ಬಿಡಿಸಿ ಬರೆದಿದಾರೆ, ಪ್ಯಾಕೇಜಿನ ಭಾಗವನ್ನ ಬೇರೆ ಯಾರೇ ಮಾಡಿಕೊಟ್ರೂ ಪ್ಯಾಕೇಜ್ ಕಟ್ಟಿದವನೇ ಜವಾಬ್ದಾರ ಅಂತ. ಬಿಲ್ಲು ಬೇರೆ ಕಂಪನಿ ಹೆಸರಲ್ಲಿ ಇದ್ರೆ ಮಾತ್ರ ಪತ್ರವನ್ನ ಇಬ್ಬರಿಗೂ ಒಟ್ಟಿಗೆ ಕಳಿಸಿ, ಒಂದೇ ಇಮೇಲಲ್ಲಿ, ಒಬ್ಬರಿಗೆ ಇನ್ನೊಬ್ಬರ ವಿಳಾಸ ಕಾಣೋ ಹಾಗೆ.

ಫೀಡ್‌ಬ್ಯಾಕ್ ಫಾರ್ಮ್ ಬಗ್ಗೆ ಅಷ್ಟೊಂದು ಹೆದರ್ಬೇಡಿ. ಬಸ್ಸು ಏರ್‌ಪೋರ್ಟ್ ಮುಟ್ಟೋ ಅರ್ಧ ಗಂಟೆ ಮುಂಚೆ ಅದನ್ನ ಹಂಚೋದು, ಎಲ್ಲರೂ ಗೈಡ್ ಮುಖ ನೋಡಿ ಪಾಪ ಅಂತ ಟಿಕ್ ಹಾಕ್ತಾರೆ, ಅದು ಒಳಗಿರೋರಿಗೂ ಗೊತ್ತು. ಅದು ಗೈಡು, ಡ್ರೈವರ್, ಊಟದ ಬಗ್ಗೆ ಅಭಿಪ್ರಾಯ, ಬಾಕಿ ಏನೂ ಇಲ್ಲ ಅಂತ ಬರೆದುಕೊಟ್ಟ ಪತ್ರ ಅಲ್ಲ. ಆದ್ರೆ ಅವರು ಎತ್ತೇ ಎತ್ತುತಾರೆ, ಹಾಗಾಗಿ ನೀವೇ ಪತ್ರದಲ್ಲಿ ಮೊದಲು ಹೇಳಿಬಿಡಿ: ಗೈಡ್ ನಡವಳಿಕೆ ಬಗ್ಗೆ ನಮಗೆ ದೂರಿಲ್ಲ, ಫಾರ್ಮ್‌ನಲ್ಲಿ ಬರೆದಿದ್ದು ಅದನ್ನೇ, ಈ ಪತ್ರ ಇರೋದು ಕೊಡದೇ ಬಿಟ್ಟ ಸೇವೆ ಬಗ್ಗೆ. ಹಾಗೆ ಹೇಳಿದ್ರೆ ಅವರ ಕೈಯಲ್ಲಿದ್ದ ಕಾಗದಕ್ಕೆ ಬೆಲೆ ಇರಲ್ಲ. ಆ ಫಾರ್ಮ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ "ಯಾವುದೇ ಕ್ಲೇಮ್ ಇಲ್ಲ" ಅಂತ ಇತ್ತಾ ಅಂತ ಮಾತ್ರ ಸಹ ಪ್ರಯಾಣಿಕರ ಹತ್ರ ಫೋಟೋ ಇದ್ರೆ ನೋಡ್ಕೊಳ್ಳಿ, ಇದ್ರೆ ಸ್ವಲ್ಪ ಕಷ್ಟ, ಅದನ್ನ ಯಾವ ಒತ್ತಡದಲ್ಲಿ ಸೈನ್ ಮಾಡಿಸ್ಕೊಂಡ್ರು ಅಂತ ಬರೀಬೇಕಾಗುತ್ತೆ.

ಬಿಟ್ಟ ಜಾಗಗಳಲ್ಲಿ ರೋಪ್‌ವೇನ ಅರಮನೆ, ಬೋಟಿಂಗ್ ಜೊತೆ ಸೇರಿಸ್ಬೇಡಿ. ಎಷ್ಟೋ ಜನ ಇಲ್ಲೇ ಎಡವೋದು, ಎಲ್ಲ ಒಂದೇ ಪ್ಯಾರಾದಲ್ಲಿ ತುರುಕಿದ್ರೆ ಅವರು ಗಾಳಿ ಒಂದನ್ನೇ ಹಿಡಿದು ಎಲ್ಲದಕ್ಕೂ "ಪ್ರಕೃತಿ ನಮ್ಮ ಕೈಲಿಲ್ಲ" ಅಂತ ಉತ್ತರ ಕಳಿಸ್ತಾರೆ. ಗಾಳಿಗೆ ರೋಪ್‌ವೇ ನಿಲ್ಲಿಸಿದ್ದು ಸರಿಯಾದ ಕೆಲಸ, ಅದಕ್ಕೆ ಪರಿಹಾರ ಕೇಳೋಕಾಗಲ್ಲ. ಆದ್ರೆ ಖರ್ಚಾಗದ ಟಿಕೆಟ್ ದುಡ್ಡು ಅವರ ಜೇಬಲ್ಲಿ ಯಾಕೆ ಇರಬೇಕು? ಪರಿಹಾರ ಬೇರೆ, ಕೊಡದೇ ಇದ್ದಿದ್ದರ ದುಡ್ಡು ವಾಪಸ್ ಬೇರೆ. ಆಗಲೇ ಹೇಳಿದ ಯುರೋಪಿನ ನಿಯಮದಲ್ಲೂ ಇದು ಹೀಗೇ ಇದೆ, ತಪ್ಪಿಸೋಕಾಗದ ಅಸಾಧಾರಣ ಕಾರಣ ಇದ್ರೆ ನಷ್ಟ ಪರಿಹಾರ ಇಲ್ಲ, ಆದ್ರೆ ಸಿಗದ ಭಾಗಕ್ಕೆ ಬೆಲೆ ಇಳಿಸಬೇಕು.

5ನೇ ದಿನದ ಕಥೆ ಪೂರ್ತಿ ಬೇರೆ. "ಟೈಮ್ ಆಗೋಯ್ತು" ಅನ್ನೋದು ಕಾರಣ ಅಲ್ಲ, ಟೈಮ್ ಯಾಕೆ ಆಯ್ತು ಅನ್ನೋದು ಕಾರಣ. ನನ್ನ ಅನುಮಾನ ಏನಂದ್ರೆ ಊರಾಚೆ ಹೋಟೆಲ್ಲಿಂದ ಹೊರಟು ಊರೊಳಗೆ ಬರೋಕೇ ಬೆಳಗ್ಗೆ ಎಲ್ಲ ಹೋಗಿದೆ, ಅಂದ್ರೆ ಹೋಟೆಲ್ ಬದಲಾಯಿಸಿದ್ದೇ ಅರಮನೆಯನ್ನ ತಿಂದುಹಾಕಿದೆ. ಇದನ್ನ ತೋರಿಸೋಕೆ ಹಿಂದಿನ ರಾತ್ರಿ ಗೈಡ್ ವಾಟ್ಸಾಪ್ ಗ್ರೂಪಲ್ಲಿ ಹಾಕಿದ "ನಾಳೆ 8:30ಕ್ಕೆ ಲಾಬಿ" ಥರದ ಮೆಸೇಜು, ಬಸ್ಸು ಹತ್ತಿದಾಗ ಮಕ್ಕಳು ತೆಗೆದ ಸೆಲ್ಫಿ, ಊಟಕ್ಕೆ ನಿಲ್ಲಿಸಿದಾಗಿನ ಬಿಲ್ಲು, ಈ ಮೂರು ಸಾಕು, ಆ ದಿನದ ಗಂಟೆ ಗಂಟೆ ಲೆಕ್ಕ ಎದ್ದು ನಿಲ್ಲುತ್ತೆ. ಪಿಡಿಎಫ್‌ನಲ್ಲಿ ಅರಮನೆ ಬಗ್ಗೆ ಯಾವ ಪದ ಬಳಸಿದಾರೆ ಅಂತಾನೂ ಒಮ್ಮೆ ನೋಡಿ. "ಒಳಗೆ ಪ್ರವೇಶ, ಟಿಕೆಟ್ ಸೇರಿ" ಅಂತ ಇದ್ರೆ ನಿಮ್ಮ ಕೇಸ್ ಗಟ್ಟಿ. "ಪನೋರಮಿಕ್ ವ್ಯೂ", "ಡ್ರೈವ್ ಪಾಸ್ಟ್", "ಫೋಟೋ ಸ್ಟಾಪ್" ಅಂತ ಇದ್ರೆ ಬಸ್ಸಿನ ಕಿಟಕಿಯಿಂದ ತೋರಿಸ್ತೀವಿ ಅಂತ ಮಾತ್ರ ಹೇಳಿದ ಹಾಗೆ, ಆ ಬಸ್ಸು ಆ ರಸ್ತೇಲಿ ಹೋಗಿದ್ರೆ ಅವರು ಮಾತು ತಪ್ಪಿಲ್ಲ. ಬೇಜಾರಾಗುತ್ತೆ, ಆದ್ರೆ ಅದು ಹಾಗೇ.

ಸಾಕ್ಷಿ ಬಗ್ಗೆ ಎರಡು ಮಾತು. ಬುಕ್ ಮಾಡಿದ ದಿನ ಬಂದ ಪಿಡಿಎಫ್ ಮುಖ್ಯ, ದುಡ್ಡು ಕಟ್ಟಿದ್ಮೇಲೆ ಬಂದ ಫೈನಲ್ ಐಟಿನರರಿ ಅಲ್ಲ, ಹಾಗಾಗಿ ಆ ಹಳೇ ಇಮೇಲ್‌ನ ತಾರೀಖು ಕಾಣೋ ಹಾಗೆ ತೆಗೆದಿಟ್ಕೊಳ್ಳಿ. ಕಂಪನಿ ವೆಬ್‌ಸೈಟ್ ಪುಟ ನಾಳೆನೇ ಬದಲಾಗಬಹುದು, ಇವತ್ತೇ ಸೇವ್ ಮಾಡಿ. ವಾಟ್ಸಾಪ್ ಗ್ರೂಪಿನ ಮೆಸೇಜುಗಳು ಯಾವಾಗ ಮಾಯ ಆಗ್ತವೋ ಗೊತ್ತಿಲ್ಲ, ಪತ್ರ ಕಳಿಸೋಕೆ ಮುಂಚೆ ಸ್ಕ್ರೀನ್‌ಶಾಟ್ ತೆಗೀರಿ, ಚಾಟ್ ಎಕ್ಸ್‌ಪೋರ್ಟ್ ಮಾಡಿ. ಫೋಟೋಗಳನ್ನ ವಾಟ್ಸಾಪಲ್ಲಿ ಫೋಟೋ ಆಗಿ ಕಳಿಸಿದ್ರೆ ಅದರೊಳಗಿರೋ ಸಮಯ, ಜಾಗದ ಮಾಹಿತಿ ಉದುರಿಹೋಗುತ್ತೆ, ಅದಕ್ಕೆ ಫೋನಲ್ಲಿರೋ ಮೂಲ ಫೈಲನ್ನ ಹಾಗೇ ಇಟ್ಕೊಳ್ಳಿ.

ಇನ್ನು ಎಷ್ಟು ಕೇಳ್ಬೇಕು ಅನ್ನೋ ಲೆಕ್ಕ. ನೀವು ನಾಲ್ಕೂ ಜನ ಸೇರಿ ಕಟ್ಟಿದ ಒಟ್ಟು ದುಡ್ಡನ್ನ 100 ಅಂತ ಇಟ್ಕೊಳ್ಳೋಣ. ಆ ತಾರೀಖಿಗೆ ಪಿಡಿಎಫ್‌ನ ಹೋಟೆಲಲ್ಲಿ ಎರಡು ರೂಮಿಗೆ ಒಂದು ರಾತ್ರಿ ಬಾಡಿಗೆ ಆ ಲೆಕ್ಕದಲ್ಲಿ 5 ಆಗುತ್ತೆ, ಕೊಟ್ಟ ಹೋಟೆಲಲ್ಲಿ 3 ಅಂತ ಅನ್ಕೊಳ್ಳಿ, ವ್ಯತ್ಯಾಸ 2, ನಾಲ್ಕು ರಾತ್ರಿಗೆ 8. ಎರಡೂ ರೇಟನ್ನ ಒಂದೇ ಸೈಟಿಂದ, ಒಂದೇ ಥರದ ರೂಮಿಗೆ ತಗೋಬೇಕು, ಕಳೆದುಹೋದ ತಾರೀಖು ತೋರಿಸದಿದ್ರೆ ಅದೇ ಸೀಸನ್ನಿನ ಅದೇ ವಾರದ ದಿನಗಳನ್ನ ಹಾಕಿ ನೋಡಿ. ಊರಾಚೆಯಿಂದ ಸಂಜೆ ಓಡಾಡೋಕೆ ನೀವೇ ಟ್ಯಾಕ್ಸಿ ಮಾಡಿ ಬಿಲ್ ಇಟ್ಟಿದ್ರೆ ಅದು ಒಂದು 2 ಅನ್ನಿ. 5ನೇ ದಿನಕ್ಕೆ, 7 ದಿನದ ಟೂರಲ್ಲಿ ಒಂದು ದಿನದ ಪಾಲು ಹತ್ತಿರ ಹತ್ತಿರ 14, ಆ ದಿನದ ಎರಡು ಮುಖ್ಯ ಜಾಗವೂ ಹೋಯ್ತು, ಆದ್ರೆ ಬಸ್ಸು, ಊಟ, ರೂಮು ಸಿಕ್ಕಿದೆ, ಅದಕ್ಕೆ ಅರ್ಧ ದಿನ, 7 ಕೇಳಿ. ಅರ್ಧ ದಿನದ ಪಾಲು ಕೇಳಿದ್ಮೇಲೆ ಅರಮನೆ, ಬೋಟ್ ಟಿಕೆಟ್ ದುಡ್ಡನ್ನ ಬೇರೆ ಕೇಳ್ಬೇಡಿ, ಅದು ಒಳಗೇ ಬಂತು, ಎರಡು ಸಲ ಕೇಳಿದಾರೆ ಅಂತ ಅವರಿಗೆ ಸಿಕ್ಕಿದ್ರೆ ಉಳಿದ ಲೆಕ್ಕದ ಮೇಲೂ ನಂಬಿಕೆ ಹೋಗುತ್ತೆ. ರೋಪ್‌ವೇ ಟಿಕೆಟ್ 1. ಎಲ್ಲ ಸೇರಿ 18. ನೂರಕ್ಕೆ ಹದಿನೆಂಟು ಅಂದ್ರೆ ಕಡಿಮೆ ಅನ್ಸುತ್ತಾ? ನೂರು ಕೇಳಿ ಮುಂದಿನ ಟೂರ್‌ಗೆ ಒಂದು ಡಿಸ್ಕೌಂಟ್ ಕೂಪನ್ ತಗೊಳ್ಳೋದಕ್ಕಿಂತ ಇದು ವಾಸಿ.

ಮನಸ್ಸಿಗೆ ಆದ ನಿರಾಸೆಗೆ ಏನೂ ಇಲ್ವಾ ಅಂತ ನೀವು ಕೇಳಬಹುದು. ಇದೆ, ಅದಕ್ಕೆ ಒಂದು ಹಳೇ ಇಂಗ್ಲಿಷ್ ಕೇಸನ್ನ ಈಗಲೂ ಎಲ್ಲರೂ ಎತ್ತುತಾರೆ, ಜಾರ್ವಿಸ್ ವರ್ಸಸ್ ಸ್ವಾನ್ಸ್ ಟೂರ್ಸ್. ಒಬ್ಬ ವಕೀಲರು ಸ್ವಿಟ್ಜರ್ಲೆಂಡಿಗೆ ಕ್ರಿಸ್‌ಮಸ್ ಹೊತ್ತಲ್ಲಿ 15 ದಿನದ ಪ್ಯಾಕೇಜ್ ಹೋದ್ರು, ಕೊಟ್ಟಿದ್ದು 63.45 ಪೌಂಡ್. ಬ್ರೋಷರಲ್ಲಿ ಹೌಸ್ ಪಾರ್ಟಿ, ಅಂದ್ರೆ ಜೊತೆಗೆ ಬೇಕಾದಷ್ಟು ಜನ ಇರ್ತಾರೆ ಅಂತ ಇತ್ತು. ಮೊದಲ ವಾರ 13 ಜನ ಇದ್ರು, ಎರಡನೇ ವಾರ ಇವರೊಬ್ಬರೇ, ಮಾತಾಡೋಕೆ ಇಂಗ್ಲಿಷ್ ಬರೋರೂ ಇಲ್ಲ. ಯೋಡಲ್ ಅನ್ನೋ ಸ್ವಿಸ್ ಜಾನಪದ ಗಾಯನದ ಸಂಜೆ ಇರುತ್ತೆ ಅಂತಾನೂ ಬ್ರೋಷರಲ್ಲಿ ಇತ್ತು, ಆ ಊರಿನವನೊಬ್ಬ ಕೆಲಸದ ಬಟ್ಟೇಲೇ ಬಂದು ನಾಲ್ಕೈದು ಹಾಡು ಗಡಗಡ ಹಾಡಿ ಹೋದ. ಕೆಳ ಕೋರ್ಟು ಅರ್ಧ ದುಡ್ಡು, 31.72 ಪೌಂಡ್ ಕೊಡ್ಸಿತ್ತು, ಮೇಲ್ಮನವಿಯಲ್ಲಿ ನಿರಾಸೆಗೂ ಬೆಲೆ ಇದೆ ಅಂತ 125 ಪೌಂಡ್ ಮಾಡಿದ್ರು, ಕಟ್ಟಿದ್ದಕ್ಕಿಂತ ಜಾಸ್ತಿ. ಆದ್ರೆ ಇದನ್ನ ಓದಿ ಎಲ್ಲರಿಗೂ ಹಾಗೇ ಸಿಗುತ್ತೆ ಅನ್ಕೊಳ್ಬೇಡಿ, ಅವರ ರಜೆಯಲ್ಲಿ ಹೇಳಿದ್ದು ಹೆಚ್ಚುಕಮ್ಮಿ ಯಾವುದೂ ಸಿಕ್ಕಿರಲಿಲ್ಲ. ನಿಮ್ಮ ಮೊದಲ ಪತ್ರದಲ್ಲಿ ನಿರಾಸೆಗೆ ಅಂತ ಮೊತ್ತ ಹಾಕ್ಬೇಡಿ, ಈಗ ಮುಗಿಸದಿದ್ರೆ ಮುಂದೆ ಅದನ್ನೂ ಕೇಳ್ತೀವಿ ಅಂತ ಒಂದು ಸಾಲು ಸಾಕು.

ಪತ್ರ ಸುಮಾರು ಹೀಗಿರಲಿ, ಬಿಟ್ಟ ಜಾಗ ನಿಮ್ಮ ವಿವರದಿಂದ ತುಂಬಿ:

"ವಿಷಯ: ಬುಕಿಂಗ್ ಸಂಖ್ಯೆ ……, ಪ್ರಯಾಣ ದಿನಾಂಕ …… ರಿಂದ …… ವರೆಗೆ, ಒದಗಿಸದ ಸೇವೆಗಳ ಮೊತ್ತ ವಾಪಸಾತಿ.

…… ರಂದು ನೀವು ಇಮೇಲ್‌ನಲ್ಲಿ ಕಳಿಸಿದ ಪ್ರವಾಸ ವಿವರದ ಆಧಾರದ ಮೇಲೆ ನಾವು ನಾಲ್ವರು ಒಟ್ಟು …… ಪಾವತಿಸಿದ್ದೇವೆ. ಅದರಲ್ಲಿ ಹೇಳಿದ್ದಕ್ಕೂ ಕೊಟ್ಟಿದ್ದಕ್ಕೂ ಇರುವ ವ್ಯತ್ಯಾಸ ಇದು.

ಒಂದು, 3ರಿಂದ 6ನೇ ರಾತ್ರಿ …… ಹೋಟೆಲ್ ಬದಲು …… ಹೋಟೆಲ್ ಕೊಟ್ಟಿರಿ. ಇದು ಊರ ಮಧ್ಯದಿಂದ …… ಕಿಲೋಮೀಟರ್ ದೂರ. ಎರಡರ ದರ ವ್ಯತ್ಯಾಸ ನಾಲ್ಕು ರಾತ್ರಿಗೆ ……, ಟ್ಯಾಕ್ಸಿ ಖರ್ಚು …….

ಎರಡು, 5ನೇ ದಿನದ ಅರಮನೆ ಪ್ರವೇಶ ಮತ್ತು ಬೋಟಿಂಗ್ ಆಗಲಿಲ್ಲ. ಆ ದಿನ ಬಸ್ಸು …… ಗಂಟೆಗೆ ಹೋಟೆಲ್ ಬಿಟ್ಟು …… ಗಂಟೆಗೆ ಊರು ಮುಟ್ಟಿತು. ಅರ್ಧ ದಿನದ ಪಾಲು …….

ಮೂರು, 6ನೇ ದಿನ ಗಾಳಿಯ ಕಾರಣ ರೋಪ್‌ವೇ ನಿಂತಿತ್ತು. ಇದಕ್ಕೆ ಪರಿಹಾರ ಕೇಳುತ್ತಿಲ್ಲ, ಬಳಕೆಯಾಗದ ಟಿಕೆಟ್ ಮೊತ್ತ …… ಮಾತ್ರ.

ಒಟ್ಟು ……. ಇದನ್ನು 15 ದಿನದೊಳಗೆ ಹಣ ಪಾವತಿಸಿದ ಖಾತೆಗೇ ಹಾಕಬೇಕು. ಜೊತೆಗೆ ನಮ್ಮ ಹೆಸರಿನ ಹೋಟೆಲ್ ಬುಕಿಂಗ್ ಆದ ಮತ್ತು ರದ್ದಾದ ದಿನಾಂಕ ತಿಳಿಸಿ, ವೌಚರ್ ಪ್ರತಿ ಕಳಿಸಿ. ಗೈಡ್ ಬಗ್ಗೆ ನಮಗೆ ದೂರಿಲ್ಲ, ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ತಿಳಿಸಿದ್ದು ಅದನ್ನೇ. ಈ ಹಂತದಲ್ಲಿ ಇತ್ಯರ್ಥವಾಗದಿದ್ದರೆ ಗ್ರಾಹಕ ಆಯೋಗದಲ್ಲಿ ಮಾನಸಿಕ ನಿರಾಸೆಗೂ ಪರಿಹಾರ ಕೇಳುವ ಹಕ್ಕನ್ನು ಉಳಿಸಿಕೊಂಡಿದ್ದೇವೆ."

ಇಷ್ಟೇ. "ಮೋಸ", "ಕಳ್ಳರು" ಅನ್ನೋ ಪದ ಬೇಡ, ಸೋಷಿಯಲ್ ಮೀಡಿಯಾದಲ್ಲಿ ಹಾಕ್ತೀನಿ ಅನ್ನೋ ಬೆದರಿಕೆನೂ ಬೇಡ, ಅದನ್ನ ಹಿಡಿದು ಅವರ ವಕೀಲರು ಮಾತು ಬೇರೆ ಕಡೆ ತಿರುಗಿಸ್ತಾರೆ. ಫೋನ್ ಮಾಡಿ ಮಾತಾಡೋಣ ಅಂತ ಮ್ಯಾನೇಜರ್ ಕರೆದ್ರೆ ಮಾತಾಡಿ, ಆಮೇಲೆ ಮಾತಾಡಿದ್ದನ್ನ ನೀವೇ ಎರಡು ಸಾಲಲ್ಲಿ ಇಮೇಲ್ ಮಾಡಿ.

ಉತ್ತರ ಬರದಿದ್ರೆ ದಾರಿ ಎರಡು. ಕಾರ್ಡಲ್ಲಿ ಕಟ್ಟಿದ್ರೆ ಬ್ಯಾಂಕಿಗೆ ಚಾರ್ಜ್‌ಬ್ಯಾಕ್, ಅಂದ್ರೆ ಕಟ್ಟಿದ ದುಡ್ಡನ್ನ ಬ್ಯಾಂಕ್ ಮೂಲಕವೇ ವಾಪಸ್ ತರಿಸೋದನ್ನ, ಕೇಳಬಹುದು, ಹೇಳಿದ ಸೇವೆ ಸಿಗಲಿಲ್ಲ ಅನ್ನೋ ಕಾರಣಕ್ಕೆ. ಅದಕ್ಕೆ ಸಾಮಾನ್ಯವಾಗಿ ಸೇವೆ ಸಿಗಬೇಕಿದ್ದ ದಿನದಿಂದ 120 ದಿನ ಅಂತ ಲೆಕ್ಕ, ಬ್ಯಾಂಕುಗಳು ಇನ್ನೂ ಬೇಗ ಕೇಳೋದೂ ಉಂಟು, ಹಾಗಾಗಿ ಏಜೆನ್ಸಿಯೋರು "ನೋಡ್ತಿದೀವಿ" ಅಂತ ತಿಂಗಳುಗಟ್ಟಲೆ ಎಳೆದ್ರೆ ಕಾಯ್ತಾ ಕೂರ್ಬೇಡಿ. ಇಲ್ಲೂ ಕೊಡದ ಭಾಗದಷ್ಟೇ ಕೇಳಿ, ಇಡೀ ಮೊತ್ತ ಕೇಳಿದ್ರೆ ಅವರು ನೀವು ಪ್ರಯಾಣ ಮಾಡಿದ ದಾಖಲೆ ಕೊಟ್ಟು ಗೆಲ್ತಾರೆ. ಬ್ಯಾಂಕ್ ವರ್ಗಾವಣೆ, ನಗದು ಆಗಿದ್ರೆ ಈ ದಾರಿ ಇಲ್ಲ. ಇನ್ನೊಂದು ಗ್ರಾಹಕ ಆಯೋಗ, ಭಾರತದ 2019ರ ಕಾಯ್ದೆಯಲ್ಲಿ ಇದಕ್ಕೆ 2 ವರ್ಷದ ಗಡುವು, ಯುರೋಪಿನ ನಿಯಮದಲ್ಲೂ 2 ವರ್ಷಕ್ಕಿಂತ ಕಡಿಮೆ ಇಡಬಾರದು ಅಂತ ಇದೆ. ಅಲ್ಲಿ ಸಮಯ ಹಿಡಿಯುತ್ತೆ, ಓಡಾಟ ಇದೆ, ನೂರಕ್ಕೆ 18ರ ಮೊತ್ತಕ್ಕೆ ಅಷ್ಟು ಬೇಕಾ ಅನ್ನೋದು ನೀವೇ ನಿರ್ಧರಿಸಬೇಕು. ಅದೇ ಬಸ್ಸಲ್ಲಿದ್ದ ಇನ್ನೂ ಎರಡು ಮನೆಯವರು ಇದೇ ಥರ ಬೇರೆ ಬೇರೆ ಪತ್ರ ಬರೆದ್ರೆ, ನನಗೆ ಗೊತ್ತಿರೋ ಹಾಗೆ, ಆ ಹಂತಕ್ಕೆ ಹೋಗೋ ಮೊದಲೇ ಮಾತುಕತೆ ಶುರುವಾಗುತ್ತೆ.

ಮೊದಲ ಆಫರ್ ಬಹುಶಃ ಟಿಕೆಟ್ ದುಡ್ಡು ಅಥವಾ ಮುಂದಿನ ಟೂರಿನ ವೌಚರ್ ಆಗಿರುತ್ತೆ. ವೌಚರ್ ಬೇಡ ಅನ್ನಿ, ಅದಕ್ಕೆ ಅವಧಿ ಇರುತ್ತೆ, ಅದನ್ನ ಬಳಸೋಕೆ ಅವರ ಹತ್ರಾನೇ ಮತ್ತೆ ಹೋಗಬೇಕು. ಭಾಗಶಃ ದುಡ್ಡು ಹಾಕಿದ್ರೆ ತಗೊಳ್ಳಿ, ಆದ್ರೆ ಅದರ ಜೊತೆ ಸೈನ್ ಮಾಡೋಕೆ ಕಾಗದ ಕಳಿಸಿದ್ರೆ "ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್", ಅಂದ್ರೆ ಇನ್ನು ಬಾಕಿ ಏನೂ ಇಲ್ಲ ಅನ್ನೋ ಪದ ಇದ್ಯಾ ಹುಡುಕಿ. ಆ ಮೊತ್ತಕ್ಕೆ ನೀವು ಒಪ್ಪಿದ್ರೆ ಮಾತ್ರ ಸೈನ್ ಮಾಡಿ, ಒಪ್ಪದಿದ್ರೆ ಕಾಗದಕ್ಕೆ ಸೈನ್ ಮಾಡದೆ "ಭಾಗಶಃ ಪಾವತಿ ಬಂದಿದೆ, ಬಾಕಿ ಇಷ್ಟು" ಅಂತ ಇಮೇಲಲ್ಲೇ ಉತ್ತರ ಹಾಕಿ.